ಸುನಾಮಿಗೆ ಮುನ್ನ ಸಿಗುವ ಹೊತ್ತು

ಮಾನ್ಯ ಸಂಪಾದಕರೇ,

ಕಡಲಡಿ ದೊಡ್ಡ ಭೂಕಂಪವಾದರೆ ಸುನಾಮಿ ಬಂದೇ ಬರುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗೇನಿಲ್ಲ. 2012ರ ಏಪ್ರಿಲ್‌ನಲ್ಲಿ ಸುಮಾತ್ರಾ ಬಳಿ 8.6 ತೀವ್ರತೆಯ ಕಂಪನವಾದಾಗ ಕಡಲ ತಳ ಹೆಚ್ಚಾಗಿ ಪಕ್ಕಕ್ಕೆ ಜಾರಿತ್ತು. ಎದ್ದ ಅಲೆಗಳು ಸಣ್ಣವು.

2004ರ ಡಿಸೆಂಬರ್ 26ರ ಕಥೆಯೇ ಬೇರೆ. ಅಂದು ಸುಮಾತ್ರಾದಿಂದ ಅಂಡಮಾನ್‌ವರೆಗೆ ಸಾವಿರ ಕಿ.ಮೀ.ಗೂ ಉದ್ದದ ಬಿರುಕಿನಲ್ಲಿ ತಳ ಕೆಲವೆಡೆ ಮೀಟರ್‌ಗಟ್ಟಲೆ ಮೇಲೆದ್ದಿತು. ಅದರ ಮೇಲಿದ್ದ ಅಷ್ಟೂ ನೀರು ಎತ್ತಿಹೋಯಿತು. ಗಾಳಿಯ ಅಲೆ ಸುಮ್ನೆ ಮೇಲ್ಮೈಯದು. ಇದು ತಳದಿಂದಲೇ ಹೊರಟ ನೀರು. ಆಳ ಕಡಲಲ್ಲಿ ವಿಮಾನದಷ್ಟು ವೇಗ, ಎತ್ತರ ಮಾತ್ರ ಕಡಿಮೆ. ದಡದ ಹತ್ತಿರ ವೇಗ ತಗ್ಗುತ್ತದೆ, ಹಿಂದಿನ ನೀರು ಒತ್ತೊತ್ತಾಗಿ ಸೇರಿ ಎತ್ತರ ಏರುತ್ತದೆ.

ಕಂಪನ ನಮ್ಮ ಸಮಯ ಬೆಳಿಗ್ಗೆ 6.29ಕ್ಕೆ. ತಮಿಳುನಾಡಿಗೆ ಅಲೆ ಬಡಿದದ್ದು ಸುಮಾರು ಎರಡು ಗಂಟೆ ಬಿಟ್ಟು. ದಡದಿಂದ ಒಳಗೆ ನಡೆದು ಹೋಗಲೂ ಸಾಕಾಗುವಷ್ಟು ಹೊತ್ತು, ಅಲ್ವಾ? ಆದರೆ ಹೇಳುವವರೇ ಇರಲಿಲ್ಲ. ಹೈದರಾಬಾದಿನ ಮುನ್ನೆಚ್ಚರಿಕೆ ಕೇಂದ್ರ ಶುರುವಾದದ್ದು 2007ರಲ್ಲಿ.

ಕಂಪನದ ತೀರಾ ಹತ್ತಿರದವರಿಗೆ ಕೇಂದ್ರದ ಸಂದೇಶವೂ ತಡವಾಗಬಹುದು. ಸುಮಾತ್ರಾ ಪಕ್ಕದ ಸಿಮೆಲುವೆ ದ್ವೀಪಕ್ಕೆ ಅಂದು ಅಲೆ ನಿಮಿಷಗಳಲ್ಲೇ ಬಂತು. ಆದರೂ ಅಲ್ಲಿ ಸತ್ತವರು ಬೆರಳೆಣಿಕೆಯಷ್ಟು ಮಂದಿ. 1907ರ ಸುನಾಮಿಯ ನೆನಪು ಅಲ್ಲಿ ಹಾಡು-ಕಥೆಗಳಲ್ಲಿ ಉಳಿದಿತ್ತು. ನೆಲ ಜೋರಾಗಿ ನಡುಗಿದ ಕೂಡಲೇ ಜನ ಯಾರಿಗೂ ಕಾಯದೆ ಗುಡ್ಡ ಹತ್ತಿದರು. ನಮ್ಮ ಕರಾವಳಿ ಶಾಲೆಗಳಲ್ಲೂ ಈ ಕಥೆ ಹೇಳಿಕೊಡಲಿ.

– ಒಬ್ಬ ಓದುಗ, ಕುಂದಾಪುರ