ಹೇಳಿಕೆಯಲ್ಲಿ ಕಡಿಮೆ ಅಂಕದ ಮಾತು

ಎಲ್ಲರಿಗೂ ನಮಸ್ಕಾರ. ವಿಶ್ವವಿದ್ಯಾಲಯದ ಅರ್ಜಿಗೆ ಬರೆಯುವ ಉದ್ದೇಶ ಹೇಳಿಕೆಯ ಕರಡುಗಳು ನಿನ್ನೆ ಬಂದವು, ಅವುಗಳಲ್ಲಿ ಒಂದರ ಬಗ್ಗೆ ಇಲ್ಲೇ ಹೇಳುತ್ತೇನೆ, ಹಲವರಿಗೆ ಉಪಯೋಗವಾದೀತು. ಬರೆದವರ ಒಪ್ಪಿಗೆ ಇದೆ.

ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಅವರಿಗೆ ಆಲಿಸುವಿಕೆ, ಓದು ಎರಡರಲ್ಲೂ 7.5, ಮಾತಿನಲ್ಲಿ 7, ಬರವಣಿಗೆಯಲ್ಲಿ 6, ಒಟ್ಟು 7. ಕರಡಿನಲ್ಲಿ ಅರ್ಧ ಪುಟ ಜ್ವರ, ಗದ್ದಲದ ಕೊಠಡಿ, ಕನ್ನಡ ಮಾಧ್ಯಮ, ಕೊನೆಗೆ ‘ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ’. ಮಾತಿನಲ್ಲಿ 7 ಪಡೆದವರು ಹೀಗೆ ಬರೆದರೆ ಯಾರು ನಂಬುತ್ತಾರೆ? ಕೆದಕಿ ಕೇಳಿದಾಗ ನಿಜ ಹೊರಬಂತು: ಬರವಣಿಗೆಯ ಮೊದಲ ಪ್ರಶ್ನೆಯ ನಕ್ಷೆಗೇ 35 ನಿಮಿಷ ಹೋಗಿತ್ತು. ದುಪ್ಪಟ್ಟು ತೂಕದ ಎರಡನೆಯ ಪ್ರಬಂಧಕ್ಕೆ ಉಳಿದದ್ದು 25 ನಿಮಿಷ, ಮುಕ್ತಾಯ ಅರ್ಧಕ್ಕೇ ನಿಂತಿತ್ತು.

ಈಗ ಆ ಅರ್ಧ ಪುಟದ ಜಾಗದಲ್ಲಿರುವುದು ಇಷ್ಟೇ: ‘ಬರವಣಿಗೆಯಲ್ಲಿ ನನಗೆ 6 ಬಂದಿದೆ. ಸಮಯವನ್ನು ತಪ್ಪಾಗಿ ಹಂಚಿಕೊಂಡು ಎರಡನೆಯ ಪ್ರಬಂಧವನ್ನು ಮುಗಿಸಲಿಲ್ಲ. ಅಂತಿಮ ವರ್ಷದ 60 ಪುಟಗಳ ಯೋಜನಾ ವರದಿಯನ್ನು ಇಂಗ್ಲಿಷಿನಲ್ಲಿ ನಾನೇ ಬರೆದಿದ್ದೇನೆ. ಒಂದು ಅಧ್ಯಾಯ ಲಗತ್ತಿಸಿದೆ.’ ಇದನ್ನು ಮೊದಲ ಪುಟದಲ್ಲಿ ಹಾಕಬೇಡಿ, ಓದಿನ ವಿವರ ಮುಗಿದ ಮೇಲೆ ಬರಲಿ.

ಒಂದು ಎಚ್ಚರಿಕೆ. ವಿಶ್ವವಿದ್ಯಾಲಯ ಪ್ರತಿ ವಿಭಾಗಕ್ಕೂ ಕನಿಷ್ಠ 6.5 ಕೇಳಿದ್ದರೆ ವಿವರಣೆಯನ್ನು ನಂಬಿಕೊಂಡು ಕೂರಬೇಡಿ. ಕಂಪ್ಯೂಟರಿನಲ್ಲಿ ಬರೆದವರಿಗೆ 60 ದಿನಗಳೊಳಗೆ ಒಂದೇ ವಿಭಾಗವನ್ನು ಮತ್ತೆ ಬರೆಯುವ ಅವಕಾಶ ಹಲವು ಕಡೆ ಇದೆ. ಆ ಅಂಕವನ್ನು ನಿಮ್ಮ ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಉಳಿದ ಕರಡುಗಳನ್ನು ಭಾನುವಾರ ನೋಡುತ್ತೇನೆ.