ದಾಕಾರ್‌ಗೆ ಹೊರಟವಳಿಗೆ

ಸುಮಾ, ದೊಡ್ಡಪ್ಪನ ಆಶೀರ್ವಾದ.

ಸೆನೆಗಲ್‌ನಲ್ಲಿ ನಿನಗೆ ಕೆಲಸ ಸಿಕ್ಕಿದೆ ಎಂದು ನಿಮ್ಮಪ್ಪ ಫೋನ್ ಮಾಡಿದ್ದ. ತುಂಬಾ ಖುಷಿಯಾಯಿತು. ನಾನು ಅಲ್ಲಿ ದುಡಿದವನಾದ್ದರಿಂದ ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ.

ದಾಕಾರ್‌ನಲ್ಲಿ ಜಾಸ್ತಿ ಕೇಳಿಸುವ ಭಾಷೆ ವೊಲೊಫ್. ಅಂಗಡಿಗೆ ಹೋಗಿ ನೇರವಾಗಿ "ಅಕ್ಕಿ ಎಷ್ಟು?" ಅಂದರೆ ಒರಟಾಗಿ ಕಾಣುತ್ತದೆ. ಮೊದಲು ಸಲಾಂ. ಆಮೇಲೆ "ನಂಗಾ ದೆಫ್?", ಹೇಗಿದ್ದೀ ಅಂತ. ಅದಕ್ಕೆ "ಮಾಂಗಿ ಫಿ ರೆಕ್" ಎನ್ನುತ್ತಾರೆ, ಇಲ್ಲೇ ಇದ್ದೀನಿ ಅಂತ. ಮತ್ತೆ ಮನೆಯವರ ವಿಚಾರ: "ಅನಾ ವಾ ಕೆರ್ ಗಾ?", ಮನೆಯವರೆಲ್ಲಿ ಅಂತ. ಉತ್ತರ, ಅಲ್ಲಿದ್ದಾರೆ. ರಾತ್ರಿ ನೆಮ್ಮದಿಯಿಂದ ಕಳೆಯಿತಾ ಎಂದರೆ "ಜಾಮ್ ರೆಕ್", ಬರೀ ನೆಮ್ಮದಿ. ನಿನಗೆ ಜ್ವರ ಬಂದಿದ್ದರೂ ಈ ಸುತ್ತಿನಲ್ಲಿ ಉತ್ತರ ಇದೇ.

ಸುಳ್ಳು ಹೇಳಿಸುತ್ತಾರಲ್ಲ ಅನ್ನಿಸಬಹುದು. ಹಾಗಲ್ಲ. ಆ ಸುತ್ತಿನಲ್ಲಿ ಅವರು ಸುದ್ದಿ ಕೇಳುತ್ತಿಲ್ಲ. ನಮ್ಮಿಬ್ಬರ ನಡುವೆ ಎಲ್ಲ ಸರಿ ಇದೆಯಾ, ನಿನ್ನ ಜೊತೆ ನಿನ್ನ ಮನೆಯವರನ್ನೂ ಲೆಕ್ಕಕ್ಕೆ ಇಟ್ಟುಕೊಂಡಿದ್ದೀನಾ, ಇದು ಅಲ್ಲಿ ತೀರ್ಮಾನವಾಗುತ್ತದೆ. ಅದು ಮುಗಿದ ಮೇಲೆ ಮಾತು ನಿಧಾನವಾಗುತ್ತದೆ. ಆಗ "ಅಮ್ಮನಿಗೆ ಹುಷಾರಿಲ್ಲ" ಎಂದು ಹೊರಬರುತ್ತದೆ. ಮೊದಲ ಪ್ರಶ್ನೆಗೇ ಕಾಯಿಲೆ ಹೇಳಿಬಿಟ್ಟರೆ ಎದುರಿನವರು ತಬ್ಬಿಬ್ಬಾಗುತ್ತಾರೆ. ಸುತ್ತು ಮುಗಿದಿದ್ದು ಹೇಗೆ ಗೊತ್ತಾಗುತ್ತದೆ? ಕೇಳಿದ್ದನ್ನೇ ಕೇಳುವುದು ನಿಂತು, ಹೊಸ ಪ್ರಶ್ನೆ ಬರುತ್ತದೆ.

ನಮ್ಮೂರಿನ "ಊಟ ಆಯ್ತಾ?" ಕೂಡ ಹೀಗೇ ಅಲ್ವಾ? ದಾರಿಯಲ್ಲಿ ಕೇಳಿದರೆ ಹಸಿದಿದ್ದರೂ "ಆಯ್ತು, ನಿಮ್ದು?" ಅನ್ನುತ್ತೇವೆ. ಅದೇ ಅತ್ತೆ ಮನೆ ಜಗಲಿಯಲ್ಲಿ "ಇನ್ನೂ ಇಲ್ಲ" ಅಂದರೆ ಎಲೆ ಹಾಕಿಯೇಬಿಡುತ್ತಾರೆ. ಮಳೆ, ಬಿಸಿಲು ಅಂತ ಹವೆಯ ಮಾತಿನಿಂದ ಶುರುಮಾಡುವವರೂ ಇದ್ದಾರೆ. ಅದಕ್ಕೂ ಇದಕ್ಕೂ ಇರುವ ವ್ಯತ್ಯಾಸ ನನ್ನ ಪ್ರಕಾರ ಇದೇ. ಮಳೆ ಬಂದರೆ ಯಾರೂ ಯಾರಿಗೂ ಏನೂ ಮಾಡಬೇಕಿಲ್ಲ. ಊಟ, ಆರೋಗ್ಯ ಕೇಳಿದವನು ಮಾತ್ರ, ಇಲ್ಲ ಎಂಬ ಉತ್ತರ ಬಂದರೆ ಏನಾದರೂ ಮಾಡಲೇಬೇಕು. ಅಷ್ಟಕ್ಕೆ ತಾನು ಸಿದ್ಧ ಎಂದು ಅವನು ಮೊದಲೇ ಒಪ್ಪಿಕೊಂಡಂತೆ. ಸೆನೆಗಲ್‌ನಲ್ಲಿ ಮಧ್ಯಾಹ್ನ ಯಾರ ಮನೆಗೆ ಹೋದರೂ "ಕಾಯ್ ಲೆಕ್", ಬಾ ಊಟ ಮಾಡು ಎನ್ನುತ್ತಾರೆ. ಎಲ್ಲರೂ ಒಂದೇ ದೊಡ್ಡ ಬಟ್ಟಲಿನ ಸುತ್ತ ಕೂತು ಉಣ್ಣುತ್ತಾರೆ.

ಇನ್ನೊಂದು ಸೂಕ್ಷ್ಮ ಇದೆ. ಜುಡಿತ್ ಅರ್ವಿನ್ ಎಂಬ ಮಾನವಶಾಸ್ತ್ರಜ್ಞೆ 1974ರಲ್ಲಿ ವೊಲೊಫ್ ಹಳ್ಳಿಯ ಈ ಮಾತುಗಳ ಬಗ್ಗೆ ಬರೆದರು. ಅಲ್ಲಿ ಮೊದಲು ಕೇಳುವವರು, ಜಾಸ್ತಿ ಕೇಳುವವರು ಕೆಳಗಿನ ಸ್ಥಾನದವರು. ದೊಡ್ಡವರು ಚುಟುಕಾಗಿ ಉತ್ತರಿಸುತ್ತಾರೆ. ಹಾಗಾಗಿ ವಯಸ್ಸಾದವರು ಕಂಡರೆ ಅವರು ಕೇಳಲಿ ಎಂದು ಕಾಯಬೇಡ, ನೀನೇ ಶುರುಮಾಡು. ಅವರ ಉತ್ತರ ಚಿಕ್ಕದಾದರೆ ಬೇಜಾರು ಪಟ್ಟುಕೊಳ್ಳಬೇಡ.

ತಲುಪಿದ ಮೇಲೆ ಫೋನ್ ಮಾಡು.

ನಿನ್ನ ದೊಡ್ಡಪ್ಪ