ತಳ್ಳಿದ್ದಲ್ಲ, ಎಳೆದದ್ದು

ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಏಳಕ್ಕೇ ನನ್ನ ಫೋನು ಬಡಿದುಕೊಳ್ಳಲು ಶುರುವಾಯಿತು. ಇಲ್ಲಿನ ಇಂಗ್ಲಿಷ್ ಪತ್ರಿಕೆಯೊಂದು ವಾರಾಂತ್ಯದ ಪುರವಣಿಯಲ್ಲಿ ಕಾಸರಗೋಡಿನ ಒತ್ತೆಕೋಲದ ಬಗ್ಗೆ ಅರ್ಧ ಪುಟದ ವರದಿ ಹಾಕಿತ್ತು. ಫೋಟೋ ಚೆನ್ನಾಗಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಗಿನ ಜಾವದ ಹೊಗೆ, ಕೆಂಡದ ಕೆಂಪು, ಅದರ ಮೇಲೆ ಎದೆಯೊಡ್ಡಿ ಬಿದ್ದ ವಿಷ್ಣುಮೂರ್ತಿ ದೈವ. ಆದರೆ ಮೇಲೆ ದಪ್ಪಕ್ಷರದಲ್ಲಿ ‘ದೆವ್ವ ಬಿಡಿಸಲು ಬೆಂಕಿಯ ಮೇಲೆ ನಡಿಗೆ’ ಎಂಬ ಶೀರ್ಷಿಕೆ. ಒಳಗಡೆ ಈ ಅರ್ಥದ ಒಂದು ವಾಕ್ಯ: ‘ಒಣಹುಲ್ಲಿನ ಲಂಗ ತೊಟ್ಟ ಅರ್ಚಕನನ್ನು ಊರವರು ಮತ್ತೆ ಮತ್ತೆ ಕೆಂಡದ ರಾಶಿಗೆ ತಳ್ಳಿದರು, ಆತ ನೋವಿನಿಂದ ಚೀರುತ್ತಿದ್ದ.’

ಮಧ್ಯಾಹ್ನದೊಳಗೆ ನಮ್ಮ ಸಂಘದ ಸದಸ್ಯರೊಬ್ಬರು ಎರಡು ಪುಟದ ಪ್ರತಿಭಟನಾ ಪತ್ರ ಬರೆದು ಕಳಿಸಿದರು. ಸಂಸ್ಕೃತಿಗೆ ಅವಮಾನ, ಬೇಷರತ್ ಕ್ಷಮೆ, ಕಾನೂನು ಕ್ರಮ ಎಲ್ಲವೂ ಅದರಲ್ಲಿತ್ತು. ಇನ್ನೊಬ್ಬರು 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿಹೋದದ್ದನ್ನೂ ಮಹಾಜನ ವರದಿಯನ್ನೂ ಒಂದು ಪ್ಯಾರಾದಲ್ಲಿ ಸೇರಿಸಬೇಕೆಂದರು. ಆ ನೋವು ನನಗೂ ಇದೆ, ನಾನೂ ಆ ಕಡೆಯವನೇ. ಆದರೆ ಒತ್ತೆಕೋಲದ ವರದಿಯ ತಪ್ಪಿಗೂ ಮಹಾಜನ ವರದಿಗೂ ಏನು ಸಂಬಂಧ?

ಆ ಪತ್ರವನ್ನು ಹಿಡಿದುಕೊಂಡು ಮಾಷ್ಟ್ರ ಮನೆಗೆ ಹೋದೆ. ಅಡೂರು ಕಡೆಯವರು, ಮಗನ ಮನೆಗೆಂದು ಬಂದು ಆರು ತಿಂಗಳಾಗಿದೆ, ಊರಿನಲ್ಲಿ ನಲವತ್ತಕ್ಕೂ ಹೆಚ್ಚು ಒತ್ತೆಕೋಲ ಕಂಡವರು. ಪೂರ್ತಿ ಓದಿ ಕನ್ನಡಕ ತೆಗೆದು, “ಇದರಲ್ಲಿ ಸಿಟ್ಟು ಉಂಟು, ತಪ್ಪು ಯಾವುದು ಅಂತ ಇಲ್ಲವಲ್ಲ ಮಾರಾಯರೆ” ಎಂದರು. ನಿಜ. ಎರಡು ಪುಟ ಓದಿದ ಮೇಲೂ ಸರಿಯಾದದ್ದು ಏನು ಎಂದು ಆ ಸಂಪಾದಕನಿಗೆ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಆ ಒಂದು ವಾಕ್ಯವನ್ನೇ ಮುಂದಿಟ್ಟುಕೊಂಡು ಕೂತೆವು. ಒತ್ತೆಕೋಲ ನೋಡದ ಬಯಲುಸೀಮೆಯ ಓದುಗರು ನಮ್ಮಲ್ಲೂ ಇದ್ದಾರೆ, ಅವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒತ್ತೆಕೋಲ ವಿಷ್ಣುಮೂರ್ತಿ ದೈವದ್ದು. ವಿಷ್ಣುಮೂರ್ತಿ ಎಂದರೆ ನರಸಿಂಹ. ಹಿರಣ್ಯಕಶಿಪು ಮಗನನ್ನು ಬೆಂಕಿಗೆ ಹಾಕಿಸಿದ, ಬೆಂಕಿ ಪ್ರಹ್ಲಾದನನ್ನು ಸುಡಲಿಲ್ಲ ಎಂಬ ಕಥೆಯೇ ಆ ಬೆಳಗಿನ ಜಾವ ಕಣ್ಣೆದುರು ನಡೆಯುವುದು. ಮೊದಲೇ ಕೊಳ್ಳಿ ಮುಹೂರ್ತ ಮಾಡಿ ಮರ ಕಡಿದು ತರುತ್ತಾರೆ. ಅದನ್ನು ಆಳೆತ್ತರಕ್ಕೆ ಒಟ್ಟಿದ ರಾಶಿಗೆ ಮೇಲೇರಿ ಎಂದು ಹೆಸರು. ಸಂಜೆ ಭಂಡಾರ, ಅಂದರೆ ದೈವದ ಆಯುಧ ಆಭರಣಗಳು, ಬಂದ ಮೇಲೆ ಮೇಲೇರಿಗೆ ಅಗ್ನಿಸ್ಪರ್ಶ. ರಾತ್ರಿ, ಅಗ್ನಿಪ್ರವೇಶಕ್ಕೆ ಮುಂಚಿನ ಆಚರಣೆಯಾದ ಕುಲ್ಚಾಟ. ಅಷ್ಟು ಹೊತ್ತೂ ಸೌದೆ ಉರಿದು ಉರಿದು, ಕೋಳಿ ಕೂಗುವ ಹೊತ್ತಿಗೆ ಜ್ವಾಲೆ ಇಳಿದು ನಿಗಿನಿಗಿ ಕೆಂಡವಾಗಿರುತ್ತದೆ. ಆಗ ದೈವದ ಅಗ್ನಿಪ್ರವೇಶ.

ಅದು ನಡಿಗೆಯಲ್ಲ. ಹರಕೆ ಹೊತ್ತ ಭಕ್ತರು ಕೆಂಡದ ಮೇಲೆ ನಡೆದು ದಾಟುವ ಆಚರಣೆ ಬೇರೆ ಕಡೆಗಳಲ್ಲಿ ಇದೆ, ಅದರ ಕ್ರಮವೇ ಬೇರೆ. ಇಲ್ಲಿ ಭಕ್ತರು ಯಾರೂ ಕೆಂಡ ತುಳಿಯುವುದಿಲ್ಲ. ದೈವವೊಂದೇ ಓಡಿಬಂದು ರಾಶಿಯ ಮೇಲೆ ಮೈ ಚೆಲ್ಲುತ್ತದೆ, ಎದ್ದು ಹಿಂದೆ ಸರಿಯುತ್ತದೆ, ಮತ್ತೆ ಬೀಳುತ್ತದೆ. ಕೋಲ ಕಟ್ಟುವವರು ದೇವಸ್ಥಾನದ ಅರ್ಚಕರಲ್ಲ. ಮಲಯ ಸಮುದಾಯದವರು, ತಲೆತಲಾಂತರದಿಂದ ಆ ಹಕ್ಕೂ ಹೊಣೆಯೂ ಉಳ್ಳವರು, ವ್ರತ ಹಿಡಿದು ಬಂದವರು. ‘ಅರ್ಚಕ’ ಎಂದು ಬರೆದ ಕೂಡಲೇ ಆ ಇಡೀ ಸಮುದಾಯ ವರದಿಯಿಂದ ಹೊರಗೆ ಬಿದ್ದಂತೆ. ಮಾಷ್ಟ್ರಿಗೆ ಹೆಚ್ಚು ಬೇಸರವಾದದ್ದು ಇದಕ್ಕೆ.

ಇನ್ನು ಆ ‘ಒಣಹುಲ್ಲಿನ ಲಂಗ’. ಅದು ತಿರಿ, ಎಳೆಯ ತೆಂಗಿನ ಗರಿ. ಸುಳಿಯಿಂದ ಆಗಷ್ಟೇ ತೆಗೆದದ್ದು, ತಿಳಿ ಹಳದಿ ಬಣ್ಣ, ಮುಟ್ಟಿದರೆ ಕೈಗೆ ತಣ್ಣಗೆ ಹತ್ತುತ್ತದೆ. ಅದನ್ನು ಸೀಳಿ ಸೊಂಟದ ಸುತ್ತ ದಪ್ಪವಾಗಿ ಕಟ್ಟುತ್ತಾರೆ. ಒಣಹುಲ್ಲಾಗಿದ್ದರೆ ಮೊದಲ ಸಲ ಬೀಳುವಾಗಲೇ ಭಗ್ಗೆಂದು ಹತ್ತಿಕೊಳ್ಳುತ್ತಿತ್ತು. ವರದಿಗಾರರು ಫೋಟೋವನ್ನೇ ಇನ್ನೊಮ್ಮೆ ನೋಡಿದ್ದರೆ ಸಾಕಿತ್ತು. ಹಸಿ ಗರಿಯಲ್ಲಿ ನೀರಿನಂಶ ಇರುವುದರಿಂದ ಅದು ಮೈಯನ್ನು ಒಂದಿಷ್ಟು ಕಾಯುತ್ತದೆ ಎಂದು ಒಪ್ಪಿಕೊಂಡರೆ ದೈವಕ್ಕೇನೂ ಕಡಿಮೆಯಾಗುವುದಿಲ್ಲ. ಹಾಗೆಂದು ಅಪಾಯವಿಲ್ಲ ಎಂದೂ ಅಲ್ಲ. ಗರಿ ಬಾಡಿದ್ದರೆ, ಒಂದು ಕ್ಷಣ ಹೆಚ್ಚು ನಿಂತರೆ, ಕೈಕಾಲಿಗೆ ಕೆಂಡ ತಾಗಿದರೆ ಸುಡುತ್ತದೆ, ಸುಟ್ಟದ್ದೂ ಉಂಟು.

ಎಲ್ಲಕ್ಕಿಂತ ದೊಡ್ಡ ತಪ್ಪು ‘ತಳ್ಳಿದರು’ ಎಂಬುದು. ದೈವದ ಹಿಂದೆ, ಅಕ್ಕಪಕ್ಕ ಕೈ ಸೊಂಟ ಹಿಡಿದುಕೊಂಡ ಸಹಾಯಕರು ಇರುತ್ತಾರೆ. ದೈವ ತಾನಾಗಿ ಮುಂದಕ್ಕೆ ಹಾಯುತ್ತದೆ, ಅವರು ಹಿಂದಕ್ಕೆ ಎಳೆಯುತ್ತಾರೆ. ಕೆಂಡದ ಮೇಲೆ ಎಷ್ಟು ಹೊತ್ತು ಬಿಡಬೇಕು, ಯಾವಾಗ ಎಬ್ಬಿಸಬೇಕು ಎಂಬುದು ಅವರ ಕೈಯಲ್ಲಿದೆ. ಜನಜಂಗುಳಿಯ ಹಿಂದೆ ನಿಂತು ಮೊದಲ ಸಲ ನೋಡಿದವರಿಗೆ ಮುಂದೆ ಹಿಂದೆ ತೂಗುವ ಆ ದೇಹಗಳಲ್ಲಿ ಯಾರು ಯಾರನ್ನು ಏನು ಮಾಡುತ್ತಿದ್ದಾರೆ ಎಂದು ತಿಳಿಯದಿರಬಹುದು. ಆದರೆ ಓದಿದವರ ತಲೆಯಲ್ಲಿ ಉಳಿಯುವುದೇನು? ಒಂದು ಊರು ಸೇರಿ ಒಬ್ಬ ಮನುಷ್ಯನನ್ನು ಬೆಂಕಿಗೆ ನೂಕಿತು ಎಂದು. ಉಳಿದ ತಪ್ಪುಗಳು ಅಜ್ಞಾನ, ಇದು ಆರೋಪ.

ಚೀರಾಟದ ವಿಷಯಕ್ಕೆ ಬಂದಾಗ ಮಾಷ್ಟ್ರು ನಕ್ಕರು. ಕೆಂಡದ ಮೇಲೆ ಬಿದ್ದ ದೈವ ಮಲೆಯಾಳದಲ್ಲಿ ‘ಕುಳಿರುನ್ನು’, ಅಂದರೆ ‘ಚಳಿಯಾಗುತ್ತಿದೆ’ ಎಂದು ಹೇಳುವುದುಂಟು. ವರದಿಗಾರರು ಕೇಳಿಸಿಕೊಂಡದ್ದು ಅದನ್ನೇ ಇರಬಹುದು, ಅಲ್ಲದೆಯೂ ಇರಬಹುದು. ಆ ದಿನ ನಾವು ಅಲ್ಲಿರಲಿಲ್ಲ. ಹಾಗಾಗಿ ಇದನ್ನು ಪತ್ರದಲ್ಲಿ ಸೇರಿಸಬಾರದೆಂದು ತೀರ್ಮಾನಿಸಿದೆವು. ದೈವ ನೂರೊಂದು ಸಲ ಬೆಂಕಿಗೆ ಬೀಳುತ್ತದೆ ಎಂದು ನಾನು ಸೇರಿಸಿದ ವಾಕ್ಯಕ್ಕೂ ಅದೇ ಗತಿಯಾಯಿತು. “ನೀವು ಎಣಿಸಿದ್ದೀರಾ?” ಎಂದು ಕೇಳಿ ಮಾಷ್ಟ್ರು ಅದರ ಮೇಲೆ ಗೀಟು ಎಳೆದರು.

ಒಂದು ಕಡೆ ಮಾತ್ರ ವರದಿಗಾರರ ಪರ ನಿಲ್ಲಬೇಕಾಯಿತು. ಅವರು ‘ದೇವಿಯ ಉತ್ಸವ’ ಎಂದು ಬರೆದಿದ್ದರು. ಮಲೆಯಾಳದಲ್ಲಿ ಇದೇ ಕೋಲಕ್ಕೆ ‘ತೀ ಚಾಮುಂಡಿ’ ಎಂಬ ಹೆಸರಿದೆ, ತೀ ಎಂದರೆ ಬೆಂಕಿ. ಚಾಮುಂಡಿ ಎಂದು ಕೇಳಿದ ಹೊರಗಿನವರು ದೇವಿ ಎಂದುಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ.

ಊರಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿ ಇವನ್ನೆಲ್ಲ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು, ಇಂಗ್ಲಿಷಿನಲ್ಲಿ ಕಳಿಸಿದ ಪತ್ರದ ಕನ್ನಡ ರೂಪ ಇಲ್ಲಿದೆ:

‘ಮಾನ್ಯ ಸಂಪಾದಕರೇ,

ಶನಿವಾರದ ಪುರವಣಿಯಲ್ಲಿ ಕಾಸರಗೋಡಿನ ಒತ್ತೆಕೋಲದ ಬಗ್ಗೆ ಬಂದ ವರದಿ ಓದಿದೆವು. ರಾತ್ರಿಯಿಡೀ ಕಾದು ಕುಳಿತು ಆ ಚಿತ್ರ ತೆಗೆದವರಿಗೆ ನಮ್ಮ ವಂದನೆ. ವರದಿಯಲ್ಲಿ ಸೇರಿಕೊಂಡಿರುವ ಕೆಲವು ತಪ್ಪುಗಳನ್ನು ತಿದ್ದಬೇಕೆಂದು ಕೋರುತ್ತೇವೆ.

ಸಹಾಯಕರು ಕೋಲ ಕಟ್ಟಿದವರನ್ನು ಕೆಂಡಕ್ಕೆ ತಳ್ಳುವುದಿಲ್ಲ. ಕೋಲ ಕಟ್ಟಿದವರು ತಾವಾಗಿ ಕೆಂಡದ ಮೇಲೆ ಬೀಳುತ್ತಾರೆ, ಸಹಾಯಕರು ಅವರನ್ನು ಹಿಂದಕ್ಕೆ ಎಳೆದು ಕಾಯುತ್ತಾರೆ. ನೀವು ಪ್ರಕಟಿಸಿದ ಚಿತ್ರದಲ್ಲಿಯೇ ಎಡಬದಿಯ ಸಹಾಯಕರ ಕಾಲುಗಳನ್ನು ಗಮನಿಸಿ: ಹಿಮ್ಮಡಿ ಊರಿ, ಮೈ ಹಿಂದಕ್ಕೆ ವಾಲಿದೆ. ಈ ತಪ್ಪಿನಿಂದ ಊರವರ ಮೇಲೆ ಹಿಂಸೆಯ ಆರೋಪ ಬರುವುದರಿಂದ ಇದನ್ನು ಮೊದಲು ತಿದ್ದಬೇಕೆಂದು ವಿನಂತಿ.

ಇದು ದೆವ್ವ ಬಿಡಿಸುವ ವಿಧಿಯಲ್ಲ. ವಿಷ್ಣುಮೂರ್ತಿ ದೈವವನ್ನು ವಿಷ್ಣುವಿನ ನರಸಿಂಹ ರೂಪವೆಂದು ಆರಾಧಿಸುತ್ತಾರೆ; ಬೆಂಕಿ ಪ್ರಹ್ಲಾದನ ಕಥೆಗೆ ಸೇರಿದ್ದು. ಕೋಲ ಕಟ್ಟಿದವರು ಅರ್ಚಕರಲ್ಲ, ಈ ಸೇವೆಯನ್ನು ವಂಶಪಾರಂಪರ್ಯವಾಗಿ ನಡೆಸುವ ಮಲಯ ಸಮುದಾಯದವರು. ಅವರು ಉಟ್ಟದ್ದು ಒಣಹುಲ್ಲಲ್ಲ, ಎಳೆಯ ತೆಂಗಿನ ಗರಿ. ‘ದೇವಿಯ ಉತ್ಸವ’ ಎಂಬುದು ಮಲೆಯಾಳದ ‘ತೀ ಚಾಮುಂಡಿ’ ಎಂಬ ಹೆಸರಿನಿಂದ ಬಂದಿರಬಹುದು, ಆ ಗೊಂದಲ ಸಹಜ.

ಈ ಆಚರಣೆಯಲ್ಲಿ ಸುಟ್ಟ ಗಾಯಗಳಾಗುವುದುಂಟು. ಅದರ ಬಗ್ಗೆ ಬರೆಯುವುದಕ್ಕೆ, ಪ್ರಶ್ನಿಸುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಮುಂದೆ ಈ ಭಾಗದ ಆಚರಣೆಗಳ ಬಗ್ಗೆ ಬರೆಯುವಾಗ ಹೆಸರು, ಅರ್ಥ ಕೇಳಬೇಕೆನಿಸಿದರೆ ನಮ್ಮ ಸಂಘಕ್ಕೆ ಫೋನ್ ಮಾಡಿ, ತಿಳಿದವರಿಗೆ ಸಂಪರ್ಕ ಕಲ್ಪಿಸುತ್ತೇವೆ.’

ಕ್ಷಮೆ ಕೇಳಿ ಎಂದು ಎಲ್ಲಿಯೂ ಬರೆಯಲಿಲ್ಲ. ಇದಕ್ಕೆ ಕಾರ್ಯಕಾರಿ ಸಮಿತಿಯಲ್ಲಿ ಇಬ್ಬರು ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾರೆ. ಕ್ಷಮೆಯ ಬೇಡಿಕೆ ಇಟ್ಟರೆ ಪತ್ರ ನೇರ ವಕೀಲರ ಮೇಜಿಗೆ ಹೋಗುತ್ತದೆ, ತಿದ್ದುಪಡಿ ಕೇಳಿದರೆ ಸುದ್ದಿಮನೆಯಲ್ಲೇ ಉಳಿಯುತ್ತದೆ ಎಂದು ನನ್ನ ಲೆಕ್ಕ. ಹಿಂದೆ ಮೂರು ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಕಲಿತದ್ದು.

ಮೂರನೇ ದಿನ ಉತ್ತರ ಬಂತು. ‘ದೆವ್ವ’ ಶೀರ್ಷಿಕೆಯಲ್ಲಿ ಮಾತ್ರ ಇದೆ, ಅದನ್ನು ವರದಿಗಾರರು ಬರೆದದ್ದಲ್ಲ, ಡೆಸ್ಕಿನಲ್ಲಿ ಹಾಕಿದ್ದು ಎಂದು ಸಂಪಾದಕರು ವಿವರಿಸಿದ್ದರು. ಹಿಂದೆ ಎಳೆಯುತ್ತಾರೆ ಎಂಬುದಕ್ಕೆ ನೋಡಿದವರು ಯಾರಾದರೂ ಮಾತಾಡಲು ಸಿಗುತ್ತಾರೆಯೇ ಎಂದೂ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಮಾಷ್ಟ್ರ ನಂಬರು ಕೊಟ್ಟೆ. ಅವರ ಇಂಗ್ಲಿಷ್ ಹಳೆಯ ಕಾಲದ್ದು, ನಿಧಾನ. ಮುಕ್ಕಾಲು ಗಂಟೆ ಮಾತಾಡಿದರಂತೆ. ಮುಂದಿನ ಶನಿವಾರ ನಾಲ್ಕನೇ ಪುಟದ ಬುಡದಲ್ಲಿ ಆರು ಸಾಲಿನ ತಿದ್ದುಪಡಿ ಬಂತು. ತಳ್ಳಿದ್ದು ಎಳೆದದ್ದಾಯಿತು, ಹುಲ್ಲು ಗರಿಯಾಯಿತು, ಅರ್ಚಕರು ಹೋಗಿ ಮಲಯ ಸಮುದಾಯದ ಹೆಸರು ಬಂತು. ಜಾಲತಾಣದಲ್ಲಿ ಶೀರ್ಷಿಕೆಯನ್ನೂ ಬದಲಾಯಿಸಿದರು. ಆದರೆ ‘ಬೆಂಕಿಯ ಮೇಲೆ ನಡಿಗೆ’ ಇನ್ನೂ ಹಾಗೇ ಇದೆ. ನಮ್ಮ ಪತ್ರವನ್ನು ತೆಗೆದು ನೋಡಿದರೆ, ಎದ್ದು ಬಿದ್ದು ಎಲ್ಲ ಬರೆದವರು ‘ಇದು ನಡಿಗೆಯಲ್ಲ’ ಎಂಬ ಒಂದು ಸಾಲನ್ನೇ ಬಿಟ್ಟಿದ್ದೆವು.

ಇದೇ ನೆಪದಲ್ಲಿ ನಮ್ಮ ಹಳೆಯ ಸಂಚಿಕೆಗಳನ್ನು ತಿರುವುತ್ತಿದ್ದಾಗ ಕಂಡದ್ದು: ಕಳೆದ ದೀಪಾವಳಿ ಸಂಚಿಕೆಯ ಏಳನೇ ಪುಟದಲ್ಲಿ, ಖಡ್ಗ ಹಿಡಿದು ದರ್ಶನದಲ್ಲಿ, ಅಂದರೆ ಮೈಮೇಲೆ ದೈವ ಬಂದು ನಿಂತ ಪಾತ್ರಿಯ ಚಿತ್ರದ ಕೆಳಗೆ ನಾವು ‘ಭೂತದ ವೇಷಧಾರಿಯ ಕುಣಿತ’ ಎಂದು ಅಚ್ಚು ಹಾಕಿದ್ದೇವೆ. ಪಾತ್ರಿ ವೇಷ ಕಟ್ಟುವುದಿಲ್ಲ. ಕೋಲ ಕಟ್ಟುವವರು ಬೇರೆ, ಪಾತ್ರಿ ಬೇರೆ. ಅಡಿಬರಹ ಬರೆದವನು ನಾನೇ. ಅದನ್ನು ‘ದರ್ಶನದಲ್ಲಿ ಪಾತ್ರಿ’ ಎಂದು ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ.